ಹೆಬ್ಬೆರಳ ಕೆಳಗಿನ ಮೂರು

(ಬಾಗಲಕೋಟೆಯ ನವನಗರದಲ್ಲಿ ತೋಟಗಾರಿಕೆ ವಿದ್ಯಾರ್ಥಿಗಳು ಮತ್ತು ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಹೇಳಿದ್ದನ್ನು ಇಲ್ಲಿ ಒಂದೇ ಸಲ ಬರೆದಿದ್ದೇನೆ.)

ಸಣ್ಣ ಪ್ರಯೋಗದಲ್ಲಿ ಕಂಡ ವ್ಯತ್ಯಾಸ ಬರೀ ಅಕಸ್ಮಾತ್ತಾಗಿ ಬರುವುದು ಎಷ್ಟು ಅಪರೂಪ ಅಂತ ಎಣಿಸಿ ನೋಡುವ, ಸಂಖ್ಯಾಶಾಸ್ತ್ರಜ್ಞ ಫಿಶರ್ ಅವರ ಪರೀಕ್ಷೆಯ ಬಗ್ಗೆ ಈ ಮಾತು. ಪರದೆ ಮೇಲಿರುವ ಫೋಟೋ ನೋಡಿ. ನಮ್ಮ ಅಣ್ಣನ ಮಗ ಹುನಗುಂದದ ಕಡೆ ದಾಳಿಂಬೆ ಮಾಡಿದ್ದಾನೆ. ಅವನು ತೋಟದಲ್ಲೇ ನಿಂತು ನೋಟ್‌ಬುಕ್ಕಿನ ಹಾಳೆಯನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದ್ದು ಇದು. ಸಂಜೆ ಬೆಳಕು. ಹಾಳೆ ಸ್ವಲ್ಪ ಮಡಚಿದೆ. ಕೆಳಗಿನ ಸಾಲಿನ ಮೇಲೆ ಅವನ ಹೆಬ್ಬೆರಳು ಕೂತಿದೆ.

ಇದಕ್ಕೂ ಮೊದಲು ಇನ್ನೊಂದು ಫೋಟೋ ಬಂದಿತ್ತು. ಅದರಲ್ಲಿ ಇದ್ದದ್ದು ಎರಡೇ ಅಂಕಿ: 87.5 ಮತ್ತು 37.5. ಕೆಳಗೆ ಒಂದು ಸಾಲು: "ಕಾಕಾ, ಪುಡಿ ಹಚ್ಚಿದ ಗೂಟಿ ನೂರಕ್ಕ ಎಂಬತ್ತೇಳೂವರೆ ಬೇರು ಬಿಟ್ಟಾವ, ಹಚ್ಚದಿದ್ದವು ಮೂವತ್ತೇಳೂವರೆ. ಪುಡಿ ಕೆಲಸ ಮಾಡೇತಿ ಅಲ್ಲ?"

ನಾನು ಕೇಳಿದ್ದು ಒಂದೇ ಪ್ರಶ್ನೆ. "ನೂರಕ್ಕ ಅಂತೀಯಲ್ಲ, ನೂರು ಕಟ್ಟೀಯೇನು?"

ನೂರು ಎಲ್ಲಿಂದ ಬರಬೇಕು? ಎಂಟು ಕಟ್ಟಿ ಏಳು ಬಂದರೂ 87.5, ಹದಿನಾರು ಕಟ್ಟಿ ಹದಿನಾಲ್ಕು ಬಂದರೂ 87.5. ಶೇಕಡಾವಾರು ಬರೆದ ಕೂಡಲೇ ಎಷ್ಟು ಕಟ್ಟಿದ್ದು ಅನ್ನುವುದು ಮರೆಯಾಗುತ್ತದೆ. ನಮಗೆ ಬೇಕಾದದ್ದೇ ಅದು. ಪೂರ್ತಿ ಹಾಳೆಯ ಫೋಟೋ ಕಳಿಸು ಅಂದೆ. ಅದಕ್ಕೆ ಈ ಹೆಬ್ಬೆರಳಿನ ಫೋಟೋ ಬಂತು.

ಗೂಟಿ ಗೊತ್ತಿಲ್ಲದವರಿಗೆ ಎರಡು ಮಾತು. ಒಳ್ಳೆ ರೆಂಬೆ ಆರಿಸಿ, ಅದರ ಸುತ್ತ ಉಂಗುರದ ಹಾಗೆ ತೊಗಟೆ ತೆಗೆಯುತ್ತೇವೆ. ಹಸಿ ಪಾಚಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟುತ್ತೇವೆ. ಬೇರು ಬಿಟ್ಟ ಮೇಲೆ ಕತ್ತರಿಸಿ ನೆಡುತ್ತೇವೆ. ಗಾಯದ ಜಾಗಕ್ಕೆ ಐಬಿಎ ಅನ್ನುವ, ಬೇರು ಬರಿಸುವ ಹಾರ್ಮೋನು ಇರುವ ಪುಡಿ ಹಚ್ಚಿದರೆ ಬೇರು ಚೆನ್ನಾಗಿ ಬರುತ್ತದೆ ಅನ್ನುತ್ತಾರೆ. ತನ್ನ ತೋಟದಲ್ಲಿ, ತನ್ನ ಕೈಯಲ್ಲಿ ಅದು ನಿಜವೇ ಅಂತ ನೋಡುವುದು ಹುಡುಗನ ಆಸೆ. ಹದಿನಾರು ಗಿಡ ಆರಿಸಿದ, ಗಿಡಕ್ಕೆ ಒಂದೇ ರೆಂಬೆ. ಯಾವುದಕ್ಕೆ ಪುಡಿ, ಯಾವುದಕ್ಕೆ ಬೇಡ ಅನ್ನುವುದನ್ನು ಮನಸ್ಸಿಗೆ ಬಂದ ಹಾಗೆ ಮಾಡಲಿಲ್ಲ. ಹದಿನಾರು ಚೀಟಿ ಬರೆದು ಡಬ್ಬಿಗೆ ಹಾಕಿ, ಎಂಟು ಎತ್ತಿದ. ಬಂದ ನಂಬರಿನ ಗಿಡಗಳಿಗೆ ಪುಡಿ. ಈ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬೇಕಾಗುತ್ತದೆ.

ಈಗ ಫೋಟೋ ಓದೋಣ. ಮೇಲಿನ ಸಾಲಿನಲ್ಲಿ ಮೊದಲ ಅಂಕಿ 7 ಇರಬಹುದು, 1 ಇರಬಹುದು. ಅವನ ಬರಹ ಹಾಗೆಯೇ. ಪಕ್ಕದಲ್ಲಿ ಸ್ಪಷ್ಟವಾಗಿ 1. ಸಾಲಿನ ಒಟ್ಟು 8. ಅಂದಮೇಲೆ ಮೊದಲನೆಯದು 7 ಆಗಲೇಬೇಕು. ಕೆಳಗಿನ ಸಾಲಿನಲ್ಲಿ ಎರಡು ಮನೆಯೂ ಹೆಬ್ಬೆರಳ ಕೆಳಗೆ ಹೋಗಿವೆ. ಆದರೆ ಒಟ್ಟುಗಳು ಕಾಣುತ್ತವೆ: ಸಾಲಿನ ಒಟ್ಟು 8, ಬೇರು ಬಂದವು 10, ಬರದವು 6. ಹತ್ತರಲ್ಲಿ ಏಳು ಹೋದರೆ ಮೂರು. ಆರರಲ್ಲಿ ಒಂದು ಹೋದರೆ ಐದು. ಮೂರು ಮತ್ತು ಐದು ಕೂಡಿದರೆ ಎಂಟು, ತಾಳೆ ಆಯಿತು.

| | ಬೇರು ಬಂತು | ಬರಲಿಲ್ಲ | ಒಟ್ಟು |
|---|---|---|---|
| ಪುಡಿ ಹಚ್ಚಿದ್ದು | 7 | 1 | 8 |
| ಹಚ್ಚದಿದ್ದದ್ದು | 3 | 5 | 8 |
| ಒಟ್ಟು | 10 | 6 | 16 |

ಇದನ್ನು ಸುಮ್ನೆ ಒಗಟು ಬಿಡಿಸಿದ ಹಾಗೆ ತೋರಿಸಲಿಲ್ಲ. ಅಂಚಿನ ಒಟ್ಟುಗಳು ಗೊತ್ತಿದ್ದರೆ ಒಳಗಿನ ನಾಲ್ಕು ಮನೆಗಳಲ್ಲಿ ಒಂದೇ ಒಂದು ಮನೆಗೆ ಸ್ವಾತಂತ್ರ್ಯ. ಅದು ಗೊತ್ತಾದರೆ ಉಳಿದ ಮೂರೂ ತಾವಾಗಿ ಬಂದು ಕೂರುತ್ತವೆ. ಫಿಶರ್ ಅವರ ಪರೀಕ್ಷೆ ನಿಂತಿರುವುದೇ ಇದರ ಮೇಲೆ.

ಇಂಥ ಕೋಷ್ಟಕಕ್ಕೆ ಕಾಲೇಜಿನಲ್ಲಿ ಎಲ್ಲರಿಗೂ ಮೊದಲು ಕಲಿಸುವುದು ಕೈ-ಸ್ಕ್ವೇರ್ ಪರೀಕ್ಷೆ. ನಾನೂ ಮೊದಲು ಅದನ್ನೇ ಹಾಕಿ ನೋಡಿದೆ. ಪುಡಿಯಿಂದ ಏನೂ ಆಗುವುದಿಲ್ಲ ಅಂತ ಇಟ್ಟುಕೊಂಡರೆ ಪ್ರತಿ ಮನೆಯಲ್ಲಿ ಎಷ್ಟು ನಿರೀಕ್ಷೆ? ಸಾಲಿನ ಒಟ್ಟನ್ನು ಕಂಬದ ಒಟ್ಟಿನಿಂದ ಗುಣಿಸಿ, ಹದಿನಾರರಿಂದ ಭಾಗಿಸಿ. ಬೇರು ಬಂದ ಮನೆಗಳಿಗೆ 5 ಮತ್ತು 5, ಬರದ ಮನೆಗಳಿಗೆ 3 ಮತ್ತು 3. ನಿಜವಾದ ಅಂಕಿ ಎಲ್ಲ ಮನೆಯಲ್ಲೂ ನಿರೀಕ್ಷೆಯಿಂದ 2 ದೂರ. ವರ್ಗ ಮಾಡಿದರೆ 4. ಅದನ್ನು ಆಯಾ ನಿರೀಕ್ಷೆಯಿಂದ ಭಾಗಿಸಿ ಕೂಡಿದರೆ 4.27. ಪುಸ್ತಕದ ಹಿಂದಿರುವ ಕೋಷ್ಟಕದಲ್ಲಿ ಗಡಿ 3.84. ದಾಟಿತು! ಪುಡಿಯಿಂದ ಏನೂ ಆಗದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಂಭವ, ಅಂದರೆ ಪಿ ಮೌಲ್ಯ, 0.039. ಅದು 0.05ಕ್ಕಿಂತ ಕಡಿಮೆ ಇದ್ದರೆ ಬರೀ ಅಕಸ್ಮಾತ್ ಅಲ್ಲ ಅಂತ ಹಿಡಿಯುವುದು ರೂಢಿ. ಹುಡುಗ ಕುಣಿದಾಡಬಹುದು, ಅಲ್ವಾ?

ಆದರೆ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದರೆ ಕೈ-ಸ್ಕ್ವೇರ್ ನಂಬಬೇಡಿ ಅಂತ ಅದೇ ಪುಸ್ತಕ ಹೇಳುತ್ತದೆ. ಇಲ್ಲಿ ಎರಡು ಮನೆಯಲ್ಲಿ 3 ಇದೆ. ಇಲ್ಲಿ ಒಂದು ಗೊಂದಲ ಬಹಳ ಸಾಮಾನ್ಯ. ನೋಡಬೇಕಾದದ್ದು ನಿರೀಕ್ಷಿತ ಸಂಖ್ಯೆ, ಮನೆಯಲ್ಲಿ ಬರೆದ ಸಂಖ್ಯೆ ಅಲ್ಲ. ಮನೆಯಲ್ಲಿ 1 ಇದೆ ಅಂತ ಹೆದರುವವರನ್ನು ನೋಡಿದ್ದೇನೆ. ನೂರಾರು ಗಿಡಗಳ ಕೋಷ್ಟಕದಲ್ಲಿ ಒಂದು ಮನೆಯಲ್ಲಿ 1 ಇದ್ದರೂ ನಿರೀಕ್ಷೆ 20 ಇರಬಹುದು. ಆಗ ತೊಂದರೆ ಇಲ್ಲ.

ಯಾಕೆ ನಂಬಬಾರದು? ಕೈ-ಸ್ಕ್ವೇರ್ ಕೋಷ್ಟಕದ ಹಿಂದೆ ಇರುವುದು ಒಂದು ನುಣುಪಾದ ಇಳಿಜಾರು. ನಮ್ಮ ಹತ್ತಿರ ಇರುವುದು ಮೆಟ್ಟಿಲು. ಏಳು ರೆಂಬೆ ಬೇರು ಬಿಡಬಹುದು, ಎಂಟು ಬಿಡಬಹುದು. ಏಳೂಕಾಲು ರೆಂಬೆ ಬೇರು ಬಿಡುವುದಿಲ್ಲ. ಸಾವಿರ ಮೆಟ್ಟಿಲಿದ್ದರೆ ದೂರದಿಂದ ಇಳಿಜಾರಿನ ಹಾಗೇ ಕಾಣುತ್ತದೆ, ಲೆಕ್ಕ ತಪ್ಪುವುದಿಲ್ಲ. ಏಳೇ ಮೆಟ್ಟಿಲಿರುವಾಗ ಇಳಿಜಾರು ಅಂತ ಕಾಲಿಟ್ಟರೆ ಎಡವುತ್ತೇವೆ. ನಮ್ಮ ಕೋಷ್ಟಕದಲ್ಲಿ ಎಷ್ಟು ಮೆಟ್ಟಿಲಿವೆ ಗೊತ್ತಾ? ಸರಿಯಾಗಿ ಏಳು. ಅಂಚಿನ ಒಟ್ಟು ಇದೇ ಇದ್ದರೆ ಮೇಲಿನ ಎಡ ಮನೆಯಲ್ಲಿ 2ರಿಂದ 8ರವರೆಗೆ ಮಾತ್ರ ಇರಲು ಸಾಧ್ಯ. ಒಂದು ಇರಲಾರದು, ಯಾಕೆಂದರೆ ಆಗ ಪುಡಿ ಹಚ್ಚಿದ್ದರಲ್ಲಿ ಏಳು ಸೋತಿರಬೇಕು. ಸೋತದ್ದೇ ಒಟ್ಟು ಆರು.

ಈಗ ಡಬ್ಬಿ ತೆಗೆಯೋಣ.

ಪುಡಿ ಬರೀ ಬೂದಿ ಅಂತ ಇಟ್ಟುಕೊಳ್ಳಿ. ಹಾಗಾದರೆ ಬೇರು ಬಿಟ್ಟ ಹತ್ತು ರೆಂಬೆಗಳು ಪುಡಿ ಇದ್ದರೂ ಬಿಡುತ್ತಿದ್ದವು, ಇಲ್ಲದಿದ್ದರೂ ಬಿಡುತ್ತಿದ್ದವು. ಸೋತ ಆರೂ ಹೇಗಿದ್ದರೂ ಸೋಲುತ್ತಿದ್ದವು. ಹುಡುಗ ಚೀಟಿ ಎತ್ತಿದಾಗ ಆ ಹತ್ತರಲ್ಲಿ ಏಳು ಅಕಸ್ಮಾತ್ತಾಗಿ ಪುಡಿ ಗುಂಪಿಗೆ ಬಿದ್ದವು, ಅಷ್ಟೇ. ಹಾಗೆ ಬೀಳುವುದು ಎಷ್ಟು ಅಪರೂಪ? ಪರೀಕ್ಷೆ ಕೇಳುವ ಪ್ರಶ್ನೆ ಇಷ್ಟೇ.

ಸಭೆಯಲ್ಲಿ ಇದನ್ನು ಮಾಡಿಯೇ ನೋಡಿದೆವು. ಹದಿನಾರು ಚೀಟಿ. ಹತ್ತರ ಮೇಲೆ "ಬೇರು", ಆರರ ಮೇಲೆ "ಬೋಳು". ಊಟದ ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿ, ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಎಂಟೆಂಟು ಎತ್ತಿ "ಬೇರು" ಎಣಿಸಿದರು. ಪ್ರತಿ ಸಲವೂ ಚೀಟಿ ವಾಪಸ್. ಇಪ್ಪತ್ತು ಸಲ ಎತ್ತಿದ್ದರಲ್ಲಿ ಒಂಬತ್ತು ಸಲ ಐದು ಬಂತು, ಐದು ಸಲ ಆರು, ನಾಲ್ಕು ಸಲ ನಾಲ್ಕು, ಒಮ್ಮೆ ಮೂರು. ಒಬ್ಬ ಅಜ್ಜನ ಕೈಗೆ ಏಳು ಬಂತು. "ನೋಡ್ರಿ, ಪುಡಿ ಇಲ್ಲದ ಬೇರು ಬರಿಸೀನಿ" ಅಂತ ಅವರು ನಕ್ಕರು. ನಾನು ಒಂದು ತಾಸು ಹೇಳಬೇಕಿದ್ದದ್ದನ್ನು ಅಜ್ಜ ಒಂದು ಮಾತಿನಲ್ಲಿ ಹೇಳಿಬಿಟ್ಟರು.

ಡಬ್ಬಿ ಬಿಟ್ಟು ಎಣಿಸೋಣ. ಹದಿನಾರು ಚೀಟಿಯಲ್ಲಿ ಎಂಟನ್ನು ಎತ್ತುವ ಬಗೆಗಳು 12,870. ಅದರಲ್ಲಿ ಏಳು "ಬೇರು" ಇರುವ ಬಗೆಗಳೆಷ್ಟು? ಹತ್ತು ಬೇರಿನಲ್ಲಿ ಏಳನ್ನು ಆರಿಸುವುದು 120 ಬಗೆ, ಆರು ಬೋಳಿನಲ್ಲಿ ಒಂದನ್ನು ಆರಿಸುವುದು 6 ಬಗೆ. ಗುಣಿಸಿದರೆ 720. ಎಂಟೂ "ಬೇರು" ಇರುವ ಬಗೆಗಳು 45. ಹೀಗೇ ಏಳೂ ಮೆಟ್ಟಿಲಿಗೆ ಎಣಿಸಿದರೆ:

```
2 -> 45
3 -> 720
4 -> 3150
5 -> 5040
6 -> 3150
7 -> 720
8 -> 45
```

ಕೂಡಿ ನೋಡಿ, 12,870 ಬರುತ್ತದೆ. ಬರದಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಕೈಯಲ್ಲಿ ಮಾಡುವಾಗ ಈ ತಾಳೆ ಬಿಡಬೇಡಿ.

ನಮಗೆ ಬಂದದ್ದು 7. ಅಷ್ಟು ಅಥವಾ ಅದಕ್ಕಿಂತ ವಿಚಿತ್ರವಾದದ್ದು ಎಂದರೆ 7 ಮತ್ತು 8: 765 ಬಗೆ. ಭಾಗಿಸಿದರೆ 0.059. ಆದರೆ ಪುಡಿ ಬೇರನ್ನು ಸುಡಲೂಬಹುದಿತ್ತು. ಆ ಕಡೆಯ 2 ಮತ್ತು 3 ಕೂಡ ಇಷ್ಟೇ ವಿಚಿತ್ರ. ಅದನ್ನೂ ಸೇರಿಸಿದರೆ 1,530 ಬಗೆ, ಅಂದರೆ 0.119. ನಮ್ಮ ಕೋಷ್ಟಕ ಎರಡೂ ಕಡೆ ಸಮವಾಗಿರುವುದರಿಂದ ಇಮ್ಮಡಿ ಮಾಡಿದರೆ ಸಾಕಾಯಿತು. ಎರಡು ಗುಂಪು ಸಮ ಇಲ್ಲದಿದ್ದರೆ ಹಾಗೆ ಮಾಡಬೇಡಿ. ನಮಗೆ ಬಂದ ಮೆಟ್ಟಿಲಿನಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಗೆಗಳಿರುವ ಎಲ್ಲ ಮೆಟ್ಟಿಲುಗಳನ್ನೂ ಕೂಡಿಸುವುದು ರೂಢಿ.

ಕೈ-ಸ್ಕ್ವೇರ್ 0.039 ಅಂದಿತ್ತು. ಎಣಿಕೆ 0.119 ಅನ್ನುತ್ತದೆ. ಮೂರು ಪಟ್ಟು ವ್ಯತ್ಯಾಸ. ಒಂದು ಹೌದು ಅನ್ನುತ್ತದೆ, ಇನ್ನೊಂದು ತಾಳು ಅನ್ನುತ್ತದೆ. 1934ರಲ್ಲಿ ಯೇಟ್ಸ್ ಅವರು ಹೇಳಿದ ತಿದ್ದುಪಡಿ ಹಾಕಿದರೆ, ಅಂದರೆ ಆ 2 ದೂರವನ್ನು ಒಂದೂವರೆ ಅಂತ ತೆಗೆದುಕೊಂಡರೆ, ಕೈ-ಸ್ಕ್ವೇರ್ 2.4ಕ್ಕೆ ಇಳಿಯುತ್ತದೆ, ಪಿ ಮೌಲ್ಯ 0.121. ಎಣಿಕೆಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಮೆಟ್ಟಿಲಿನ ಅರ್ಧ ಅಗಲ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಫಲ ಅದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದೊಂದು ದೊಡ್ಡ ಉಪಕಾರ. ಈಗ ಎಣಿಸುವುದೇ ಸುಲಭ ಇರುವಾಗ ಅದರ ಮೇಲೆ ನನಗೆ ಅಂಥ ಪ್ರೀತಿ ಇಲ್ಲ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನಿಸುತ್ತದೆ. ಈ ಅಂಚುಗಳಿರುವ ಕೋಷ್ಟಕದಲ್ಲಿ ಎರಡೂ ಕಡೆ ಸೇರಿಸಿದ ಪಿ ಮೌಲ್ಯ ಯಾವ ಯಾವುದು ಆಗಬಹುದು? ನಾಲ್ಕೇ: 0.007, 0.119, 0.608, 1. ಇವುಗಳ ಮಧ್ಯೆ ಏನೂ ಇಲ್ಲ. 0.039 ಅನ್ನುವುದು ಈ ಕೋಷ್ಟಕದಲ್ಲಿ ಹುಟ್ಟುವುದೇ ಇಲ್ಲ, ಅದು ಇಳಿಜಾರಿನ ಕಲ್ಪನೆ. 0.05 ಅನ್ನುವ ಗೆರೆ ದೊಡ್ಡ ಖಾಲಿ ಜಾಗದ ಮಧ್ಯದಲ್ಲಿ ಬಿದ್ದಿದೆ. ಎಂಟರಲ್ಲಿ ಎಂಟೂ ಗೆದ್ದರೆ ಮಾತ್ರ ಗೆರೆ ದಾಟುತ್ತೀರಿ. ಏಳು ಗೆದ್ದರೆ ದಾಟುವುದಿಲ್ಲ. 0.05 ಅಂತ ಬೋರ್ಡು ಹಾಕಿ ಒಳಗೆ 0.007ರ ಬಾಗಿಲು ಇಟ್ಟ ಹಾಗೆ. ಈ ಪರೀಕ್ಷೆ ಜಾಸ್ತಿ ಬಿಗಿ ಅಂತ ದೂರುವವರು ಹೇಳುವುದು ಇದನ್ನೇ, ಅವರ ಮಾತಿನಲ್ಲಿ ಹುರುಳಿದೆ.

ಅವರ ಇನ್ನೊಂದು ತಕರಾರೂ ಇದೆ. ಸಾಲಿನ ಒಟ್ಟು ಎಂಟು-ಎಂಟು ಅಂತ ನಿಶ್ಚಯ ಮಾಡಿದ್ದು ನಾವು, ನಿಜ. ಆದರೆ ಒಟ್ಟು ಹತ್ತು ಬೇರು ಬಿಡಬೇಕು ಅಂತ ಯಾರು ಹೇಳಿದ್ದರು? ಇನ್ನೊಮ್ಮೆ ಕಟ್ಟಿದರೆ ಒಂಬತ್ತೂ ಬರಬಹುದು, ಹನ್ನೆರಡೂ ಬರಬಹುದು. ಅದನ್ನೂ ಗಟ್ಟಿ ಅಂತ ಹಿಡಿಯುವುದು ಯಾಕೆ ಅಂತ 1945ರಲ್ಲಿ ಬರ್ನಾರ್ಡ್ ಕೇಳಿದರು, ಬೇರೊಂದು ಪರೀಕ್ಷೆಯನ್ನೂ ಮುಂದಿಟ್ಟರು. ಆಮೇಲೆ ಅವರೇ ಫಿಶರ್ ಕಡೆ ವಾಲಿದರು. ಜಗಳ ಮಾತ್ರ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಕ್ಕೆ ಡಬ್ಬಿಯ ಲೆಕ್ಕ ತಾನಾಗಿಯೇ ಒಪ್ಪುತ್ತದೆ. ಆ ಹದಿನಾರು ರೆಂಬೆ, ಆ ಹತ್ತು ಬೇರು, ಅವನ್ನು ಹಂಚಿದ ಚೀಟಿ: ನಡೆದದ್ದು ಇಷ್ಟೇ. ಎತ್ತುವ ಚೀಟಿ ಇಲ್ಲದೆ, ಅಲ್ಲಿ ಇಲ್ಲಿ ಸಿಕ್ಕ ಗಿಡ ಎಣಿಸಿ ತಂದ ಕೋಷ್ಟಕಕ್ಕೆ ನಾನು ಇಷ್ಟು ಧೈರ್ಯವಾಗಿ ಹೇಳಲಾರೆ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಆರ್ ಭಾಷೆಯಲ್ಲಿ ಮೂರೇ ಸಾಲು.

```r
gooti <- matrix(c(7, 3, 1, 5), nrow = 2)
fisher.test(gooti)
chisq.test(gooti, correct = FALSE)
```

ಅಂಕಿಗಳು ಕಂಬದ ಪ್ರಕಾರ ತುಂಬುತ್ತವೆ, ಅದಕ್ಕೇ 7 ಆದ ಮೇಲೆ 3 ಬರೆದಿದ್ದೇನೆ. ಮೂರನೇ ಸಾಲಿಗೆ ಅದು `Chi-squared approximation may be incorrect` ಅಂತ ಎಚ್ಚರಿಸುತ್ತದೆ. ಬಹಳ ಜನ ಆ ಸಾಲನ್ನು ಓದುವುದೇ ಇಲ್ಲ, ಫೋಟೋ ತೆಗೆಯುವಾಗ ಕತ್ತರಿಸಿಯೇ ಬಿಡುತ್ತಾರೆ. ಎರಡನೇ ಸಾಲಿನ ಉತ್ತರದಲ್ಲಿ ಇನ್ನೊಂದು ಗಾಬರಿ ಕಾದಿದೆ. ಎರಡು ಗುಂಪಿನ ಗೆಲುವು-ಸೋಲಿನ ಅನುಪಾತಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿ ನೀವು ಕೈಯಲ್ಲಿ ಲೆಕ್ಕ ಹಾಕಿದರೆ ಏಳೈದಲ ಮೂವತ್ತೈದು, ಭಾಗಿಸು ಮೂರು, ಅಂದರೆ 11.67. ಪರದೆ ಮೇಲೆ ಬರುವುದು ಸುಮಾರು 9.76. ಯಾರದ್ದೂ ತಪ್ಪಲ್ಲ. ಅಂಚಿನ ಒಟ್ಟುಗಳನ್ನು ಗಟ್ಟಿ ಹಿಡಿದು ಅಂದಾಜು ಮಾಡುವ ಬಗೆ ಬೇರೆ, ಹಾಗಾಗಿ ಅಂಕಿಯೂ ಬೇರೆ. ಅದರ ಕೆಳಗೆ ಕೊಡುವ ವ್ಯಾಪ್ತಿಯೊಳಗೆ 1 ಕೂಡ ಇದೆ. ಅಂದರೆ ವ್ಯತ್ಯಾಸವೇ ಇಲ್ಲ ಅನ್ನುವುದನ್ನೂ ಈ ಹದಿನಾರು ರೆಂಬೆ ತಳ್ಳಿಹಾಕಿಲ್ಲ.

ಹುಡುಗನಿಗೆ 0.119 ಅಂತ ಹೇಳಿದೆ. ಅವನು ಕೇಳಿದ ಮೊದಲ ಮಾತು: "ಅಂದ್ರ ಪುಡಿ ಸುಳ್ಳೇನು ಕಾಕಾ?"

ಅಲ್ಲ. ಏಳು ಮತ್ತು ಮೂರು, ವ್ಯತ್ಯಾಸ ಸಣ್ಣದಲ್ಲ. ಪುಡಿ ನಿಜವಾಗಿಯೂ ಕೆಲಸ ಮಾಡಿರಬಹುದು. ಆದರೆ ಬೂದಿ ಹಚ್ಚಿದ್ದರೂ ಸುಮಾರು ಎಂಟು ಸಲಕ್ಕೆ ಒಂದು ಸಲ ಇಷ್ಟು ದೊಡ್ಡ ವ್ಯತ್ಯಾಸ ಒಂದಲ್ಲ ಒಂದು ಕಡೆಗೆ ಬರುತ್ತದೆ. ಅಜ್ಜನ ಕೈಗೆ ಬಂದದ್ದನ್ನು ನೋಡಿದಿರಲ್ಲ. "ಹಾಗಾದ್ರ ಒಂದೇ ಕಡೆ ಲೆಕ್ಕ ಹಾಕೂಣು, 0.059 ಬರತೈತಿ" ಅಂದ. ಅಂಕಿ ನೋಡಿದ ಮೇಲೆ ಕಡೆ ಆರಿಸಬಾರದು ಅಂದೆ. ಕಟ್ಟುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿದ್ದರೆ ಬೇರೆ ಮಾತು.

ಮುಂದಿನ ಸಲ ಹದಿನಾರು-ಹದಿನಾರು ಕಟ್ಟು ಅಂತ ಹೇಳಿದ್ದೇನೆ. ಅದೇ ಶೇಕಡಾ ಬಂತು ಅಂತ ಇಟ್ಟುಕೊಳ್ಳಿ: ಪುಡಿ ಗುಂಪಿನಲ್ಲಿ 14 ಗೆಲುವು, ಇನ್ನೊಂದರಲ್ಲಿ 6. ಆಗ ಎಣಿಕೆಯ ಪಿ ಮೌಲ್ಯ 0.009. ಮೊದಲ ಫೋಟೋದಲ್ಲಿದ್ದ 87.5 ಮತ್ತು 37.5 ಎರಡು ಕಡೆಯೂ ಹಾಗೇ ಇವೆ, ಉತ್ತರ ಮಾತ್ರ 0.119ರಿಂದ 0.009ಕ್ಕೆ ಹೋಯಿತು. ಶೇಕಡಾವಾರಿನ ಫೋಟೋ ನನಗೆ ಬೇಡ ಅಂದದ್ದು ಇದಕ್ಕೇ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ. "ಸರ್, ನಾವು ಎಂಟೇ ಗಿಡದಲ್ಲಿ ಮಾಡಿದ್ವಿ. ಪ್ರತಿ ಗಿಡದಲ್ಲೂ ಒಂದು ರೆಂಬೆಗೆ ಪುಡಿ, ಒಂದಕ್ಕೆ ಇಲ್ಲ. ನಮ್ಮ ಕೋಷ್ಟಕವೂ ಹೀಗೇ ಬಂದ್ರೆ ಇದೇ ಲೆಕ್ಕ ಹಾಕಬಹುದಾ?"

ಹಾಕಬಾರದು. ಒಂದೇ ಗಿಡದ ಎರಡು ರೆಂಬೆ ಜೋಡಿ. ಗಿಡ ಗಟ್ಟಿ ಇದ್ದರೆ ಎರಡೂ ಬೇರು ಬಿಡುತ್ತವೆ, ಸೊರಗಿದ್ದರೆ ಎರಡೂ ಬಿಡುವುದಿಲ್ಲ. ಅಂಥ ಗಿಡಗಳು ಪುಡಿಯ ಬಗ್ಗೆ ಏನೂ ಹೇಳುವುದಿಲ್ಲ. ಒಂದು ರೆಂಬೆ ಗೆದ್ದು ಇನ್ನೊಂದು ಸೋತ ಗಿಡಗಳನ್ನು ಮಾತ್ರ ಎಣಿಸಬೇಕು. 7 ಮತ್ತು 3 ಬಂದಿದ್ದರೆ ಎರಡು ಸಾಧ್ಯತೆ ಇದೆ. ನಾಲ್ಕು ಗಿಡ ಹಾಗಿದ್ದು, ನಾಲ್ಕರಲ್ಲೂ ಪುಡಿ ಗೆದ್ದಿರಬಹುದು. ಅದು ನಾಲ್ಕು ಸಲ ನಾಣ್ಯ ಚಿಮ್ಮಿ ನಾಲ್ಕೂ ಒಂದೇ ಕಡೆ ಬಿದ್ದ ಹಾಗೆ: 0.125. ಇಲ್ಲವೇ ಆರು ಗಿಡ ಹಾಗಿದ್ದು, ಐದರಲ್ಲಿ ಪುಡಿ, ಒಂದರಲ್ಲಿ ಪುಡಿ ಇಲ್ಲದ್ದು ಗೆದ್ದಿರಬಹುದು: 0.219. ಇವೆರಡರಲ್ಲಿ ನಡೆದದ್ದು ಯಾವುದು ಅಂತ ನಾಲ್ಕು ಮನೆಯ ಕೋಷ್ಟಕ ಹೇಳಲಾರದು, ಹೆಬ್ಬೆರಳು ತೆಗೆದರೂ ಹೇಳಲಾರದು. ಗಿಡದ ನಂಬರು ಬರೆದ ಹಾಳೆ ಇದೆಯಾ ಅಂತ ಕೇಳಿದೆ. ಹಾಸ್ಟೆಲಿನಲ್ಲಿದೆ, ರಾತ್ರಿ ಫೋಟೋ ಕಳಿಸ್ತೀನಿ ಅಂದಳು.